ಎತ್ತಿನಗಾಡಿಯ ಹಿಂದೆ ಒಂದು ಗದ್ದೆ ನಿಲ್ಲಿಸಿದ್ದು

ನಮ್ಮ ಮನೆಯ ದಸರಾ ಗೊಂಬೆ ಪೆಟ್ಟಿಗೆಯಲ್ಲಿ ಚನ್ನಪಟ್ಟಣದ ಒಂದು ಎತ್ತಿನಗಾಡಿ ಇದೆ. ಆಲೆ ಮರದ್ದು, ಅರಗಿನ ಬಣ್ಣದ್ದು. ಎತ್ತು, ಗಾಡಿ ಎಲ್ಲಾ ಸೇರಿ 22 ಸೆಂಟಿಮೀಟರ್ ಉದ್ದ. ಅದು ಮಂಡ್ಯದ ಕಬ್ಬಿನ ಗದ್ದೆಗಳ ನಡುವೆ ನಿಜವಾಗಿ ಹೋಗುತ್ತಿರುವ ಹಾಗೆ ಒಂದು ಫೋಟೋ ಬೇಕು ಅಂತ ನನಗೆ ಬಹಳ ದಿನದಿಂದ ಆಸೆ ಇತ್ತು.

ವಿ.ಸಿ. ನಾಲೆ ಏರಿಯ ಮೇಲೆ ನಿಂತು ಗದ್ದೆಯ ಫೋಟೋ ತೆಗೆದೆ. ಪ್ರಿಂಟ್ ಹಾಕಿಸಿ ಮೇಜಿನ ಹಿಂದೆ ನಿಲ್ಲಿಸಿದೆ. ಮುಂದೆ ಗಾಡಿ ಇಟ್ಟು ಕ್ಲಿಕ್ ಮಾಡಿದೆ. ಅಣ್ಣನ ಮಗಳು ನೋಡಿದವಳೇ, "ಚಿಕ್ಕಪ್ಪ, ಗಾಡಿ ಹಿಂದೆ ಕ್ಯಾಲೆಂಡರ್ ಯಾಕೆ ಇಟ್ಟಿದೀರ?" ಅಂದಳು. ಅವಳು ಹೇಳಿದ್ದು ಸರಿಯಾಗಿತ್ತು. ಗಾಡಿ ಬೇರೆ, ಗದ್ದೆ ಬೇರೆಯಾಗಿ ಕಾಣುತ್ತಿತ್ತು. ಯಾಕೆ ಹಾಗೆ ಅಂತ ತಿಳಿಯುವುದಕ್ಕೆ ನನಗೆ ಮೂರು ಭಾನುವಾರ ಬೇಕಾಯಿತು.

ದೊಡ್ಡ ತಪ್ಪು ಇದ್ದದ್ದು ಎತ್ತರದಲ್ಲಿ. ಬಯಲಲ್ಲಿ ನಿಂತು ನೋಡಿದರೆ ಭೂಮಿ ಮತ್ತು ಆಕಾಶ ಸೇರುವ ಗೆರೆ ಯಾವಾಗಲೂ ನಮ್ಮ ಕಣ್ಣಿನ ಮಟ್ಟದಲ್ಲೇ ಇರುತ್ತದೆ. ಕೂತರೆ ಕೂತ ಮಟ್ಟಕ್ಕೆ, ನಿಂತರೆ ನಿಂತ ಮಟ್ಟಕ್ಕೆ. ಮೇಜಿನ ಮೇಲೂ ಅಷ್ಟೆ. ಲೆನ್ಸ್ ಮೇಜಿನಿಂದ ಎಷ್ಟು ಮೇಲಿದೆಯೋ, ಹಿಂದಿನ ಚಿತ್ರದ ಆ ಗೆರೆಯೂ ಮೇಜಿನಿಂದ ಅಷ್ಟೇ ಮೇಲಿರಬೇಕು. ಚಿತ್ರ ಹತ್ತಿರ ಇಟ್ಟರೂ ದೂರ ಇಟ್ಟರೂ ಈ ಲೆಕ್ಕ ಬದಲಾಗುವುದಿಲ್ಲ. ನಾನು ಟ್ರೈಪಾಡ್ ಎತ್ತರಿಸಿ 40 ಸೆಂಟಿಮೀಟರ್ ಮೇಲಿಂದ ನೋಡುತ್ತಿದ್ದೆ. ಚಿತ್ರದಲ್ಲಿ ಗೆರೆ 20ರ ಹತ್ತಿರ ಇತ್ತು. ಎರಡಕ್ಕೂ ತಾಳಮೇಳವೇ ಇರಲಿಲ್ಲ.

ಹಾಗಾದರೆ ಲೆನ್ಸ್ ಎಷ್ಟು ಎತ್ತರದಲ್ಲಿರಬೇಕು? ಇದಕ್ಕೆ ಎತ್ತನ್ನೇ ಅಳೆದೆ. ಒಳ್ಳೆ ಹಳ್ಳಿಕಾರ್ ಎತ್ತಿನ ಭುಜ ಸುಮಾರು 1.4 ಮೀಟರ್ ಎತ್ತರಕ್ಕೆ ಬರುತ್ತದೆ. ನನ್ನ ಮರದ ಎತ್ತಿನ ಭುಜ 7 ಸೆಂಟಿಮೀಟರ್. ಅಂದರೆ ಗೊಂಬೆ ನಿಜದ ಇಪ್ಪತ್ತರಲ್ಲಿ ಒಂದು ಪಾಲು. ನಿಂತ ಮನುಷ್ಯನ ಕಣ್ಣು 1.6 ಮೀಟರ್ ಎತ್ತರದಲ್ಲಿದ್ದರೆ, ಇಪ್ಪತ್ತರಲ್ಲಿ ಒಂದು ಪಾಲು 8 ಸೆಂಟಿಮೀಟರ್. ಲೆನ್ಸಿನ ನಡುಭಾಗ ಮೇಜಿನಿಂದ ಅಷ್ಟು ಮಾತ್ರ ಮೇಲಿರಬೇಕು. ಮೊದಲು ಇಟ್ಟಿದ್ದ 40 ಸೆಂಟಿಮೀಟರ್ ಅಂದರೆ 8 ಮೀಟರ್ ಎತ್ತರ, ಮಹಡಿ ಮೇಲಿಂದ ಗಾಡಿ ನೋಡಿದ ಹಾಗೆ. ಟ್ರೈಪಾಡ್ ಅಷ್ಟು ಕೆಳಗೆ ಬರುವುದಿಲ್ಲ. ಹಾಗಾಗಿ ಕ್ಯಾಮೆರಾವನ್ನು ಮೇಜಿನ ಮೇಲೇ ಇಟ್ಟು, ಕೆಳಗೆ ಅವರೆಕಾಳು ತುಂಬಿದ ಬಟ್ಟೆ ಚೀಲ ಕೊಟ್ಟೆ.

ಏರಿ ಮೇಲಿಂದ ತೆಗೆದ ಫೋಟೋ ಕೂಡ ಕೆಲಸಕ್ಕೆ ಬರಲಿಲ್ಲ. ಏರಿ ಗದ್ದೆಗಿಂತ ಸುಮಾರು 3 ಮೀಟರ್ ಮೇಲಿದೆ. ಅಲ್ಲಿಂದ ನೋಡಿದರೆ ಗದ್ದೆ ಕಣ್ಣ ಕೆಳಗೆ ಚಾಪೆ ಹಾಸಿದ ಹಾಗೆ ಕಾಣುತ್ತದೆ. ಗೆರೆಯ ಮಟ್ಟ ಸರಿಮಾಡಿದರೂ ನೆಲ ಮಾತ್ರ ಓರೆಯಾಗೇ ಕಾಣುತ್ತಿತ್ತು. ಮತ್ತೆ ಹೋಗಿ, ಏರಿ ಇಳಿದು, ಗಾಡಿ ಜಾಡಿನಲ್ಲೇ ನಿಂತು ಕಣ್ಣೆತ್ತರದಲ್ಲಿ ಫೋನ್ ಹಿಡಿದು ತೆಗೆದೆ.

ಈ ಸಲ ಇನ್ನೊಂದು ವಿಷಯವನ್ನೂ ನೋಡಿಕೊಂಡೆ. ಗಾಡಿ ಲೆನ್ಸಿನಿಂದ 80 ಸೆಂಟಿಮೀಟರ್ ದೂರ, ಚಿತ್ರ ಗಾಡಿಯಿಂದ 45 ಸೆಂಟಿಮೀಟರ್ ಹಿಂದೆ. ನನ್ನ ಎಪಿಎಸ್-ಸಿ ಕ್ಯಾಮೆರಾಗೆ 50 ಎಂಎಂ ಲೆನ್ಸ್ ಹಾಕಿದರೆ ಚಿತ್ರ ಇರುವಷ್ಟು ದೂರದಲ್ಲಿ ಸುಮಾರು 55 ಸೆಂಟಿಮೀಟರ್ ಅಗಲ ಕಾಣುತ್ತದೆ. ಎ3 ಪ್ರಿಂಟ್ 42 ಸೆಂಟಿಮೀಟರ್ ಅಗಲ ಮಾತ್ರ, ಎರಡೂ ಪಕ್ಕದಲ್ಲಿ ಗೋಡೆ ಕಾಣುತ್ತದೆ. ಎ2 ಅಡ್ಡವಾಗಿ ಇಟ್ಟರೆ 59 ಬರುತ್ತದೆ, ಸಾಕು. ಆದರೆ ಫೋನಿನ ಮಾಮೂಲಿ ಲೆನ್ಸ್ ಬಹಳ ಅಗಲ ನೋಡುತ್ತದೆ. ಆ ಫೋಟೋವನ್ನು ಹಾಗೇ ಪ್ರಿಂಟ್ ಹಾಕಿಸಿದರೆ ಹಿಂದಿನ ತೆಂಗಿನ ಮರಗಳು ಗಾಡಿ ಮುಂದೆ ಕಡ್ಡಿ ಹಾಗೆ ಕುಳ್ಳಾಗುತ್ತವೆ. ಮೂರರಷ್ಟು ಜೂಮ್ ಮಾಡಿ ತೆಗೆದರೆ ಮರದ ಗಾತ್ರ ಗಾಡಿಗೆ ಹೊಂದುತ್ತದೆ. ಜೂಮ್‌ನಲ್ಲಿ ಚಿತ್ರ ಸ್ವಲ್ಪ ಮಸುಕಾದರೂ ಚಿಂತೆಯಿಲ್ಲ, ಹಿಂದಿನದು ಹೇಗಿದ್ದರೂ ಫೋಕಸ್‌ನಿಂದ ಹೊರಗೇ ಇರುತ್ತದಲ್ವಾ?

ಪ್ರಿಂಟ್ ಮ್ಯಾಟ್ ಪೇಪರ್ ಮೇಲೆ ಹಾಕಿಸಿ. ಗ್ಲಾಸಿ ಪೇಪರ್ ಮತ್ತು ಫ್ಲೆಕ್ಸ್ ಎರಡರಲ್ಲೂ ದೀಪದ ಹೊಳಪು ಕಾಣುತ್ತದೆ. ನಾನು ಸನ್‌ಬೋರ್ಡಿಗೆ ಅಂಟಿಸಿಕೊಂಡೆ, ಇಲ್ಲದಿದ್ದರೆ ತುದಿ ಸುರುಳಿ ಸುತ್ತುತ್ತದೆ. ಚಿತ್ರದಲ್ಲಿ ಭೂಮಿ-ಆಕಾಶದ ಗೆರೆ ಕೆಳತುದಿಯಿಂದ 15 ಸೆಂಟಿಮೀಟರ್ ಮೇಲಿತ್ತು. ಬೋರ್ಡನ್ನು ಮೇಜಿನ ಹಿಂದೆ 7 ಸೆಂಟಿಮೀಟರ್ ಕೆಳಗೆ ಇಳಿಸಿದೆ. ಗೆರೆ ಸರಿಯಾಗಿ 8ಕ್ಕೆ ಬಂತು.

ಮೇಜಿಗೂ ಚಿತ್ರಕ್ಕೂ ನಡುವಿನ ಕೂಡು ಮುಚ್ಚುವುದೇ ನನಗೆ ಅತಿ ಇಷ್ಟದ ಕೆಲಸ. ಜಾಡಿನ ಕೆಮ್ಮಣ್ಣನ್ನೇ ತಂದಿದ್ದೆ. ಅದನ್ನು ಟೀ ಸೋಸುವ ಜಾಲರಿಯಲ್ಲಿ ಜರಡಿ ಹಿಡಿಯಬೇಕು. ಈ ಅಳತೆಯಲ್ಲಿ 5 ಮಿಲಿಮೀಟರ್ ಕಲ್ಲು ಅಂದರೆ 10 ಸೆಂಟಿಮೀಟರ್ ಗುಂಡು, ಒಂದು ಕಂಡರೂ ಕಣ್ಣು ಅಲ್ಲೇ ಹೋಗುತ್ತದೆ. ಹಿಂದಿನ ಅಂಚಿನಲ್ಲಿ ಮಣ್ಣನ್ನು ಒಂದೂವರೆ ಸೆಂಟಿಮೀಟರ್ ಏರಿಸಿ ಬದು ಮಾಡಿದೆ. ಬದುವಿನ ಮೇಲೆ ಒಣಗಿದ ಗರಿಕೆಯ ಚೂರುಗಳನ್ನು ನೆಟ್ಟೆ. ಗಾಡಿಯೊಳಗೆ ಕಬ್ಬಿನ ಬದಲು ತೆಂಗಿನ ಪೊರಕೆ ಕಡ್ಡಿ. 13 ಸೆಂಟಿಮೀಟರ್‌ಗೆ ಕತ್ತರಿಸಿದರೆ ಕಬ್ಬಿನ ಉದ್ದಕ್ಕೆ ಸರಿಯಾಗುತ್ತದೆ, ದಪ್ಪವೂ ಹೆಚ್ಚು ಕಡಿಮೆ ಹೊಂದುತ್ತದೆ.

ಇಷ್ಟಾದರೂ ಮೊದಲ ಸಂಜೆಯ ಫೋಟೋ ಕೆಟ್ಟಿತು, ಬೆಳಕಿನಿಂದ. ಎರಡು ದೀಪ ಹಚ್ಚಿದ್ದೆ, ಎತ್ತಿಗೆ ಎರಡು ನೆರಳು ಬಿತ್ತು. ಬಯಲಲ್ಲಿ ಇರುವುದು ಒಬ್ಬನೇ ಸೂರ್ಯ. ಗದ್ದೆ ಫೋಟೋ ತೆಗೆದದ್ದು ಡಿಸೆಂಬರಿನ ಸಂಜೆ ನಾಲ್ಕು ಗಂಟೆಗೆ, ಬಿಸಿಲು ಎಡದಿಂದ ಬರುತ್ತಿತ್ತು. ಅಲ್ಲೇ ನನ್ನ ನೆರಳನ್ನು ಹೆಜ್ಜೆಯಲ್ಲಿ ಅಳೆದಿದ್ದೆ, ನನ್ನ ಎತ್ತರದ ಸುಮಾರು ಎರಡರಷ್ಟು. ಹಾಗಾಗಿ ದೀಪವನ್ನು ಎಡಕ್ಕೆ 2 ಮೀಟರ್ ದೂರದಲ್ಲಿ, ಮೇಜಿಗಿಂತ 1 ಮೀಟರ್ ಮೇಲೆ ಕಟ್ಟಿದೆ. ಎತ್ತಿನ ನೆರಳೂ ಎರಡರಷ್ಟು ಬಿತ್ತು. ದೀಪ ಹತ್ತಿರ ತಂದರೆ ಎತ್ತಿನ ನೆರಳು ಒಂದು ಕಡೆ, ಚಕ್ರದ ನೆರಳು ಇನ್ನೊಂದು ಕಡೆ ಚದುರುತ್ತದೆ. ನೆರಳು ತೀರಾ ಕಪ್ಪಾದರೆ ಬಲಕ್ಕೆ ಒಂದು ಬಿಳಿ ಥರ್ಮೋಕೋಲ್ ಹಿಡಿದರೆ ಸಾಕು. ಹಿಂದಿನ ಚಿತ್ರಕ್ಕೆ ಮಾತ್ರ ಬೇರೆ ದೀಪ, ಅದೇ ಬಣ್ಣದ ಬಲ್ಬ್, ಗಾಡಿಗೆ ತಾಕದ ಹಾಗೆ ರಟ್ಟು ಮರೆ ಮಾಡಿ. ಚಿತ್ರ ಗಾಡಿಗಿಂತ ಸ್ವಲ್ಪ ಬೆಳ್ಳಗಿದ್ದರೆ ದೂರ ಅನಿಸುತ್ತದೆ.

ಅಪರ್ಚರ್ 11, ಐಎಸ್‌ಒ 100. 9 ವ್ಯಾಟ್ ಬಲ್ಬಿನ ಬೆಳಕಿಗೆ ಶಟರ್ 15 ಸೆಕೆಂಡ್ ತೆರೆದಿರಬೇಕಾಯಿತು. ಫ್ಯಾನ್ ಆಫ್, ಟೈಮರ್ ಹಾಕಿ ಎಲ್ಲರೂ ಸುಮ್ನೆ ಕೂತೆವು. 80 ಸೆಂಟಿಮೀಟರ್ ದೂರದಲ್ಲಿ ಈ ಅಪರ್ಚರ್‌ಗೆ ಹೆಚ್ಚು ಕಡಿಮೆ 10 ಸೆಂಟಿಮೀಟರ್ ಆಳ ಮಾತ್ರ ಚೊಕ್ಕವಾಗಿ ಬರುತ್ತದೆ. ಗಾಡಿಯನ್ನು ಜಾಸ್ತಿ ತಿರುಗಿಸದೆ, ಹತ್ತಿರದ ಎತ್ತಿನ ಕಣ್ಣಿಗೆ ಫೋಕಸ್ ಮಾಡಿದೆ. ಹಿಂದಿನ ಚಕ್ರ ಸ್ವಲ್ಪ ಮೆತ್ತಗಾಯಿತು, ಅದು ಚೆನ್ನಾಗೇ ಇದೆ.

ಈಗ ಗಾಡಿಯ ಹಿಂದೆ ಓಡುವ ನಾಯಿಮರಿಯ ಕಣ್ಣಿನಿಂದ ಅದೇ ದಾರಿ ತೋರಿಸಬೇಕು ಅಂತ ಹೊರಟಿದ್ದೇನೆ. ಲೆನ್ಸ್ 2 ಸೆಂಟಿಮೀಟರ್‌ಗೆ ಇಳಿಯಬೇಕು, ಬೋರ್ಡ್ ಇನ್ನೂ 6 ಸೆಂಟಿಮೀಟರ್ ಕೆಳಗೆ ಹೋಗಬೇಕು. ಆದರೆ ನಿಂತು ತೆಗೆದ ಗದ್ದೆ ಇದಕ್ಕೆ ಹೊಂದುವುದಿಲ್ಲ. ಮುಂದಿನ ಭಾನುವಾರ ಜಾಡಿನಲ್ಲಿ ಮಂಡಿಯೂರಿ, ಫೋನನ್ನು ನೆಲದಿಂದ ಎರಡು ಗೇಣು ಮೇಲೆ ಹಿಡಿದು ಹೊಸ ಫೋಟೋ ತೆಗೆಯಬೇಕು.