ಆಡಿಟರ್ ಆಸ್ಪತ್ರೆಯಲ್ಲಿ, ನೋಟಿಸಿಗೆ ಐದೇ ದಿನ: ಕಾಲಾವಕಾಶ ಕೇಳಿದ ಬಗೆ

ಕೋಲಾರದ ಟೊಮೆಟೊ ಮಂಡಿಯೊಂದರ ಲೆಕ್ಕಪತ್ರ ನನ್ನ ಕೈಯಲ್ಲಿದೆ. 2023-24ರ ಅಸೆಸ್‌ಮೆಂಟ್ ವರ್ಷದ ಆದಾಯ ತೆರಿಗೆ ರಿಟರ್ನ್ ಸ್ಕ್ರೂಟಿನಿಗೆ ಹೋಗಿತ್ತು. ವಿವರ ಕೇಳಿ ಬಂದ ಕಲಂ 142(1)ರ ನೋಟಿಸಿನಲ್ಲಿ ಆರು ಪ್ರಶ್ನೆ, ಉತ್ತರಕ್ಕೆ 2024ರ ಡಿಸೆಂಬರ್ 10 ಕೊನೆ ದಿನ. ಇನ್ನೇನು ಕೂತು ಬರೆಯಬೇಕು ಎನ್ನುವಾಗ ಆಡಿಟರ್ ಆಪರೇಷನ್‌ಗೆ ಅಡ್ಮಿಟ್ ಆದರು. (ಇಲ್ಲಿರುವ ಕಲಂಗಳು 1961ರ ಕಾಯ್ದೆಯವು.)

ಇಂಥ ಹೊತ್ತಿನಲ್ಲಿ ಹೆಚ್ಚಿನವರು "ಆಡಿಟರ್ ಇಲ್ಲ, ಒಂದು ತಿಂಗಳು ಟೈಮ್ ಕೊಡಿ" ಅಂತ ಎರಡು ಸಾಲು ಬರೆದು ಕಳಿಸುತ್ತಾರೆ. ಅದು ನಿಲ್ಲುವುದಿಲ್ಲ. ಆ ವರ್ಷದ ಅಸೆಸ್‌ಮೆಂಟ್ ಆರ್ಡರನ್ನು ಅಧಿಕಾರಿ 2025ರ ಮಾರ್ಚ್ 31ರೊಳಗೆ ಮುಗಿಸಲೇಬೇಕಿತ್ತು. ನಾವು ಕೇಳಿಕೊಂಡ ದಿನಗಳು ಆ ಗಡುವಿಗೆ ಸೇರುವುದಿಲ್ಲ, ಅವರ ಕೈಯಲ್ಲಿರುವ ದಿನಗಳೇ ಕಡಿಮೆಯಾಗುತ್ತವೆ. ಅದಕ್ಕೇ ಡಿಸೆಂಬರ್‌ನಲ್ಲಿ ಹತ್ತು ದಿನ ಕೊಡುವವರು ಮಾರ್ಚ್‌ನಲ್ಲಿ ಎರಡು ದಿನಕ್ಕೂ ಹಿಂದೆ ಮುಂದೆ ನೋಡುತ್ತಾರೆ. ಕೇಳುವುದಿದ್ದರೆ ಬೇಗ ಕೇಳಬೇಕು, ಎಷ್ಟು ದಿನ ಬೇಕು, ಯಾವುದಕ್ಕೆ ಬೇಕು ಎಂದು ಲೆಕ್ಕ ಹಾಕಿ ಕೇಳಬೇಕು.

ಮೊದಲು ಪ್ರಶ್ನೆಗಳನ್ನು ಎರಡು ಗುಂಪು ಮಾಡಿದೆ. ವ್ಯವಹಾರದ ವಿವರಣೆ, ಕ್ಯಾಶ್ ಬುಕ್, ಒಂದು ಬ್ಯಾಂಕಿನ ಸ್ಟೇಟ್‌ಮೆಂಟ್, ಈ ಮೂರೂ ಕೈಯಲ್ಲೇ ಇದ್ದವು. ಬಾಕಿ ಮೂರು: ಮುಚ್ಚಿದ ಹಳೇ ಖಾತೆಯ ಸ್ಟೇಟ್‌ಮೆಂಟ್, ಕೈಸಾಲ ಕೊಟ್ಟವರ ಒಪ್ಪಿಗೆ ಪತ್ರ, ಸೀಸನ್ನಿನ ಪಟ್ಟಿ ಪುಸ್ತಕಗಳ ನಕಲು. ರೈತರ ಮಾಲು ಮಾರಿದ ಲೆಕ್ಕ ಬರೆದುಕೊಡುವ ಈ ಪಟ್ಟಿಯೇ ಮಂಡಿಗೆ ಪ್ರಾಣ. ಖಾತೆಗೆ ಬಂದ ಹಣದಲ್ಲಿ ಬಹುಪಾಲು ರೈತರದ್ದು, ಮಂಡಿಗೆ ಉಳಿಯುವುದು ಕಮಿಷನ್ ಮಾತ್ರ ಎಂದು ತೋರಿಸುವ ಕಾಗದ ಅದೊಂದೇ. ಅವಸರದಲ್ಲಿ ಅರ್ಧಂಬರ್ಧ ಪಟ್ಟಿ ಕೊಟ್ಟರೆ ಕ್ಯಾಶ್ ಬುಕ್ಕಿಗೂ ಅದಕ್ಕೂ ತಾಳೆಯಾಗದೆ ಹೊಸ ಪ್ರಶ್ನೆ ಹುಟ್ಟುತ್ತದೆ.

ಈಗಿನದು ಫೇಸ್‌ಲೆಸ್ ಪದ್ಧತಿ. ಊರಿನ ಆದಾಯ ತೆರಿಗೆ ಕಚೇರಿಗೆ ಹೋಗಿ ಕೈಮುಗಿದರೆ ಆ ನೋಟಿಸಿಗೆ ದಿನ ಸಿಗುವುದಿಲ್ಲ. ಪೋರ್ಟಲ್‌ನಲ್ಲಿ Pending Actions, ಅದರೊಳಗೆ e-Proceedings, ಅಲ್ಲಿ ಆ ನೋಟಿಸಿನ ಎದುರಿಗೇ Seek/View Adjournment ಇರುತ್ತದೆ. ಬೇಕಾದ ದಿನಾಂಕ, ಕಾರಣ ತುಂಬಿ ಪತ್ರ ಲಗತ್ತಿಸಬೇಕು. ಪತ್ರದಲ್ಲಿ ಒಂದು ದಿನಾಂಕ, ಪರದೆಯಲ್ಲಿ ಇನ್ನೊಂದು ಆಗದ ಹಾಗೆ ನೋಡಿಕೊಳ್ಳಿ.

ಓದುವ ಅಧಿಕಾರಿ ಯಾವ ರಾಜ್ಯದವರೋ ತಿಳಿಯದು, ಹಾಗಾಗಿ ಪತ್ರ ಇಂಗ್ಲಿಷಿನಲ್ಲೇ ಹೋಯಿತು. ಮೇಲ್ಗಡೆ ಪ್ಯಾನ್, ಅಸೆಸ್‌ಮೆಂಟ್ ವರ್ಷ, ನೋಟಿಸಿನ ಡಿನ್ ನಂಬರ್ ಮತ್ತು ತಾರೀಖು. ಒಳಗಿನ ಸಾರ ಇಷ್ಟು:

"1ರಿಂದ 3ನೇ ಪ್ರಶ್ನೆಗಳ ಉತ್ತರ ಇಂದೇ ಸಲ್ಲಿಸಿದ್ದೇವೆ. ಹಳೇ ಖಾತೆಯ ಸ್ಟೇಟ್‌ಮೆಂಟಿಗೆ ಬ್ಯಾಂಕಿಗೆ ಕೊಟ್ಟ ಅರ್ಜಿಯ ಸ್ವೀಕೃತಿ ಲಗತ್ತಿಸಿದೆ. ಸಾಲದ ಒಪ್ಪಿಗೆ ಪತ್ರಗಳು, ಪಟ್ಟಿಗಳ ನಕಲು ಸಿದ್ಧವಾಗುತ್ತಿವೆ. ನಮ್ಮ ಲೆಕ್ಕಪರಿಶೋಧಕರು ಡಿಸೆಂಬರ್ 14ರವರೆಗೆ ಲಭ್ಯರಿಲ್ಲ, ಅವರ ಕಚೇರಿಯ ಪತ್ರ ಲಗತ್ತಿಸಿದೆ. 4ರಿಂದ 6ನೇ ಪ್ರಶ್ನೆಗಳಿಗೆ ಡಿಸೆಂಬರ್ 20ರವರೆಗೆ ಸಮಯ ಕೋರುತ್ತೇವೆ."

ಆಡಿಟರ್ ಇಲ್ಲ ಎನ್ನುವುದು ಒಂದೇ ಕಾರಣವಾಗಿ ನಿಂತರೆ "ಬೇರೆಯವರನ್ನು ನೇಮಿಸಿಕೊಳ್ಳಿ" ಎನ್ನಲು ಜಾಗ ಇರುತ್ತದೆ. ಅವರು ಯಾವತ್ತು ಬರುತ್ತಾರೆ ಎನ್ನುವ ತಾರೀಖಿನ ಪತ್ರವೂ ಬ್ಯಾಂಕಿನ ಸ್ವೀಕೃತಿಯೂ ಜೊತೆಗಿದ್ದರೆ ಮಾತಿಗೆ ತೂಕ ಬರುತ್ತದೆ. ಕಾಯಿಲೆಯ ವಿವರ, ಆಸ್ಪತ್ರೆ ಕಾಗದ ಬೇಕಿಲ್ಲ. ಅದು ಅವರ ಖಾಸಗಿ ವಿಷಯ.

ಮೂರು ಉತ್ತರಗಳನ್ನು ಕಳಿಸುವಾಗ ಪೋರ್ಟಲ್ Partial Response, Full Response ಎಂದು ಎರಡು ಆಯ್ಕೆ ಕೊಡುತ್ತದೆ. ಇಲ್ಲಿ ಎಡವಿದರೆ ಪೆಟ್ಟು ದೊಡ್ಡದು. Full Response ಒತ್ತಿದರೆ ಆ ನೋಟಿಸಿಗೆ ನಮ್ಮ ಉತ್ತರ ಮುಗಿಯಿತು ಎಂದೇ ಅರ್ಥ, ಉಳಿದ ಕಾಗದ ಹಾಕಲು ದಾರಿ ಇರುವುದಿಲ್ಲ. ಕೊನೆಯ ಕಾಗದ ಹೋಗುವವರೆಗೆ Partial ಇರಲಿ.

ಡಿಸೆಂಬರ್ 5ಕ್ಕೆ ಅರ್ಜಿ ಹೋಯಿತು. ಸ್ವೀಕೃತಿಯ ಪಿಡಿಎಫ್ ಇಳಿಸಿಟ್ಟುಕೊಂಡೆ. ಅರ್ಜಿ ಕಳಿಸಿದ ಮಾತ್ರಕ್ಕೆ ದಿನ ಸಿಕ್ಕಿತು ಎಂದುಕೊಳ್ಳಬೇಡಿ. ಏನೂ ಉತ್ತರ ಬರದಿದ್ದರೆ ಹಳೇ ತಾರೀಖೇ ಊರ್ಜಿತ. ಅದು ತಪ್ಪಿದರೆ 272A(1)(d)ರಲ್ಲಿ ಪ್ರತಿ ತಪ್ಪಿಗೆ ₹10,000 ದಂಡ, ಮೇಲೆ ಕಲಂ 144ರಲ್ಲಿ ಅಧಿಕಾರಿ ತಮಗೆ ಕಂಡಂತೆ ಆದಾಯದ ಅಂದಾಜು ಕಟ್ಟಬಹುದು. ದಿನಾ ಬೆಳಗ್ಗೆ ಪೋರ್ಟಲ್ ತೆರೆದು ನೋಡುತ್ತಿದ್ದೆ. 9ನೇ ತಾರೀಖು ಒಪ್ಪಿಗೆ ಕಂಡಿತು, ಆದರೆ 20ಕ್ಕಲ್ಲ, 17ಕ್ಕೆ.

ಒಪ್ಪಿಗೆ ಬರದೇ ಹೋಗಿದ್ದರೆ 10ರ ಸಂಜೆಯೊಳಗೆ ಸಿದ್ಧವಿದ್ದಷ್ಟು ಪಟ್ಟಿಗಳನ್ನು, ಯಾವ ತಿಂಗಳವು ಬಾಕಿ ಎಂದು ಸ್ಪಷ್ಟವಾಗಿ ಬರೆದು, Partial ಆಗಿಯೇ ಹಾಕಲು ತಯಾರಿ ಮಾಡಿಟ್ಟಿದ್ದೆ. 16ಕ್ಕೆ ಪಟ್ಟಿ, ಒಪ್ಪಿಗೆ ಪತ್ರಗಳು ಹೋದವು. ಹಳೇ ಖಾತೆಯ ಸ್ಟೇಟ್‌ಮೆಂಟ್ 17ರ ಮಧ್ಯಾಹ್ನ ಬ್ಯಾಂಕಿನಿಂದ ಬಂತು, ಆಡಿಟರ್ ಒಮ್ಮೆ ಕಣ್ಣಾಡಿಸಿದ ಮೇಲೆ ಅದನ್ನು ಸೇರಿಸಿ Full Response ಒತ್ತಿದೆ.