ಅವಳ ಅಪ್ಪ ಅಮ್ಮನ್ನ ಮೊದಲ ಸಲ ಭೇಟಿ ಆದಾಗ

ಹೋಗೋ ಹಿಂದಿನ ರಾತ್ರಿ ಅವಳಿಗೆ ಫೋನ್ ಮಾಡಿ ನಾನು ಕೇಳಿದ್ದು ಒಂದೇ, ನಮ್ಮಿಬ್ಬರ ಬಗ್ಗೆ ಮನೇಲಿ ಇಲ್ಲೀವರೆಗೂ ಏನೇನ್ ಹೇಳಿದೀಯ ಅಂತ. ಕೇಳಿದ್ದೇ ಒಳ್ಳೇದಾಯ್ತು. ನಮ್ಮದು ಎರಡು ವರ್ಷದ ಪರಿಚಯ, ಮನೇಲಿ ಆರು ತಿಂಗಳು ಅಂತ ಹೇಳಿಟ್ಟಿದ್ಲು! ಅವರು ಕೇಳಿದ್ರೆ ನಾನು ಸುಳ್ಳು ಹೇಳಲ್ಲ, ನೀನೇ ಇವತ್ತು ಹೇಳ್ಬಿಡು ಅಂದೆ. ಹೇಳಿದ್ಲು, ಅವರಮ್ಮ ಸ್ವಲ್ಪ ಬೇಜಾರ್ ಮಾಡ್ಕೊಂಡ್ರಂತೆ, ಆದ್ರೆ ಆ ಬೇಜಾರು ಮಾರನೇ ದಿನ ನನ್ನೆದುರಿಗೆ ಆಗಿದ್ದಿದ್ರೆ ಮಾತು ಅಲ್ಲಿಗೇ ನಿಲ್ತಿತ್ತು. ಹಾಗೇ ಯಾವ ವಿಷಯ ಎತ್ತಬಾರದು ಅಂತಾನೂ ಕೇಳ್ಕೊಂಡೆ. ಅವರಪ್ಪಂಗೂ ಅವರ ತಮ್ಮಂಗೂ ಮಾತಿಲ್ಲ, ಚಿಕ್ಕಪ್ಪನ ಸುದ್ದಿ ಬೇಡ ಅಂದ್ಲು.

ಅವರಮ್ಮನ ಜೊತೆ ಮಾತು ಸಲೀಸಾಗಿ ಸಾಗ್ತು. ಅವರಪ್ಪ ಮಾತ್ರ ಹೂಂ, ಊಹೂಂ ಅಷ್ಟೇ. ಕೆಲಸ ಹೇಗಿತ್ತು ಸರ್, ರಿಟೈರ್ ಆಗಿ ಎಷ್ಟು ವರ್ಷ ಆಯ್ತು ಅಂತ ನಾನು ಕೇಳ್ತಾ ಹೋದೆ, ಎಲ್ಲದಕ್ಕೂ ಒಂದೊಂದೇ ಪದದ ಉತ್ತರ, ಆಗ ಅನ್ನಿಸ್ತು ಇದು ಇಂಟರ್‌ವ್ಯೂ ಥರ ಆಗ್ತಿದೆ ಅಂತ, ಸುಮ್ನಾದೆ. ಒಂದ್ನಿಮಿಷ ಯಾರೂ ಮಾತಾಡ್ಲಿಲ್ಲ, ಕಷ್ಟ ಆಯ್ತು, ಆದ್ರೂ ಫೋನ್ ಜೇಬಿಂದ ತೆಗೀಲಿಲ್ಲ. ಕಪಾಟಿನ ಮೇಲೆ ಒಂದು ಹಳೇ ರೇಡಿಯೋ ಇತ್ತು, ಇದು ಈಗ್ಲೂ ಹಾಡುತ್ತಾ ಸರ್ ಅಂದೆ. ಎದ್ದು ಹೋಗಿ ಆನ್ ಮಾಡಿದ್ರು, ಬ್ಯಾಂಡ್ ಬದಲಾಯಿಸೋ ಸ್ವಿಚ್ ಹಾಳಾದಾಗ ತಾವೇ ಬಿಚ್ಚಿ ರಿಪೇರಿ ಮಾಡಿದ್ದು ಹೇಗೆ ಅಂತ ಇಪ್ಪತ್ತು ನಿಮಿಷ ಹೇಳಿದ್ರು. ನಂಗೆ ಅರ್ಥ ಆಗದೇ ಇದ್ದಿದ್ದನ್ನ ಅರ್ಥ ಆಗ್ಲಿಲ್ಲ ಅಂದೆ, ಮತ್ತೆ ಮೊದಲಿಂದ ಹೇಳಿದ್ರು.

ಆಮೇಲೆ ನೇರವಾಗಿ ಕೇಳಿದ್ರು, ಸಾಲ ಏನಾದ್ರೂ ಇದ್ಯಾ ಅಂತ. ಇದೆ ಸರ್, ಓದೋಕೆ ತಗೊಂಡಿದ್ದು, ಇನ್ನೂ ಮೂರು ವರ್ಷ ಕಟ್ಟಬೇಕು ಅಂದೆ. ಸಮಜಾಯಿಷಿ ಕೊಡೋಕೆ ಹೋಗ್ಲಿಲ್ಲ, ಅವರೂ ಮುಂದೆ ಕೆದಕಲಿಲ್ಲ.

ಎಡವಿದ್ದು ಒಂದು ಕಡೆ. ಎಲ್ಲರೂ ನಗ್ತಿದ್ದಾಗ, ಇವಳು ಎಷ್ಟು ಅಲಾರಾಂ ಇಟ್ರೂ ಏಳಲ್ಲ ಅಂತ ರೇಗಿಸಿದೆ. ನಾವಿಬ್ಬರೇ ಇದ್ದಾಗ ಅದು ತಮಾಷೆ, ಆದ್ರೆ ಅವರಮ್ಮ ನಗು ನಿಲ್ಲಿಸಿ ಅವಳ ಕಡೆ ನೋಡಿದ್ರು, ಅವಳ ಮುಖ ಸಣ್ಣಗಾಯ್ತು. ಹೆತ್ತವರ ಕಿವಿಗೆ ಅದು ದೂರು ಹೇಳಿದ ಹಾಗೇ ಕೇಳುತ್ತೆ ಅಂತ ಆಗ ಗೊತ್ತಾಯ್ತು. ಪರೀಕ್ಷೆ ಟೈಮಲ್ಲಿ ನಂಗೆ ರಾತ್ರಿಯಿಡೀ ಕೂತು ಹೇಳ್ಕೊಟ್ಟಿದ್ದೂ ಇವಳೇ ಆಂಟಿ ಅಂತ ಸೇರಿಸಿದೆ, ನಿಜಾನೂ ಹೌದು ಅದು. ವಾಪಸ್ ಬರ್ತಾ ದಾರೀಲಿ ಅವಳ ಹತ್ರ ಸಾರಿ ಕೇಳಿದೆ.

ಹೋಗಿ ಒಂದೂವರೆ ಗಂಟೆ ಆಗ್ತಿದ್ದ ಹಾಗೆ ಹೊರಡೋಕೆ ಎದ್ದಿದ್ವಿ. ಅವರಪ್ಪ ಗೇಟ್ ತನಕ ಬಂದು, ನಿಮ್ಮನೇಲೂ ಹಳೇ ರೇಡಿಯೋ ಇದ್ರೆ ಮುಂದಿನ ಸಲ ತಗೊಂಬಾ ನೋಡೋಣ ಅಂದ್ರು.