ಪ್ರಾಂಶುಪಾಲರಿಗೆ ಅನುಮತಿ ಕೋರುವ ಇಮೇಲ್: ಬರೆಯುವುದು ಹೇಗೆ?

ವಿದ್ಯಾರ್ಥಿ ಸಂಘವೊಂದರ ಮಾರ್ಗದರ್ಶಕ ಅಧ್ಯಾಪಕನಾಗಿ ಹಲವು ವರ್ಷ ಕೆಲಸ ಮಾಡಿದ್ದೇನೆ. ಆ ಅವಧಿಯಲ್ಲಿ ಅನುಮತಿ ಸಿಗದೆ ನಿಂತುಹೋದ ಕಾರ್ಯಕ್ರಮಗಳಿಗಿಂತ, ಅನುಮತಿ ಸಿಕ್ಕಿಯೂ ಕೆಟ್ಟುಹೋದ ಕಾರ್ಯಕ್ರಮಗಳನ್ನೇ ಹೆಚ್ಚಾಗಿ ನೋಡಿದೆ. ಒಮ್ಮೆ ನಮ್ಮ ಖಗೋಳ ಸಂಘದವರು ‘ಮೈದಾನದಲ್ಲಿ ಆಕಾಶ ವೀಕ್ಷಣೆ ನಡೆಸಲು ಅನುಮತಿ ನೀಡಬೇಕು’ ಎಂದು ಒಂದೇ ಸಾಲಿನಲ್ಲಿ ಕೇಳಿದರು, ಪ್ರಾಂಶುಪಾಲರೂ ಅದೇ ದಿನ ‘ಅನುಮತಿಸಲಾಗಿದೆ’ ಎಂದು ಉತ್ತರಿಸಿದರು. ಕಾರ್ಯಕ್ರಮದ ರಾತ್ರಿ ಮೈದಾನದ ದೀಪಗಳೆಲ್ಲ ಉರಿಯುತ್ತಿದ್ದವು. ಅವುಗಳನ್ನು ಆರಿಸಲು ವಿದ್ಯುತ್ ಸಿಬ್ಬಂದಿಗೆ ಯಾರೂ ಹೇಳಿರಲಿಲ್ಲ. ಎಂಟು ಗಂಟೆಗೆ ಗೇಟು ಮುಚ್ಚುವ ಕಾವಲುಗಾರರು ಎಂದಿನಂತೆ ಎಲ್ಲರನ್ನೂ ಹೊರಗೆ ಕಳುಹಿಸಿದರು. ಸಿಕ್ಕಿದ್ದು ಮೈದಾನದ ಅನುಮತಿ ಮಾತ್ರ. ಕತ್ತಲೆಯದ್ದೂ ಅಲ್ಲ, ಹೊತ್ತಿನದ್ದೂ ಅಲ್ಲ.

ಬರೆಯುವ ಮೊದಲು ಮಾರ್ಗದರ್ಶಕ ಅಧ್ಯಾಪಕರ ಒಪ್ಪಿಗೆ ಪಡೆಯಿರಿ, ಜಾಗ ಆ ದಿನ ಖಾಲಿ ಇದೆಯೇ ಎಂದು ಕಚೇರಿಯಲ್ಲಿ ವಿಚಾರಿಸಿಕೊಳ್ಳಿ. ಇಮೇಲನ್ನು ಸಂಘದ ಅಥವಾ ಕಾಲೇಜು ಕೊಟ್ಟಿರುವ ವಿಳಾಸದಿಂದಲೇ ಕಳುಹಿಸಿ, ಅಧ್ಯಾಪಕರಿಗೂ ಅದರ ಪ್ರತಿ ಹೋಗಲಿ.

ವಿಷಯದ ಸಾಲಿನಲ್ಲಿ ‘ಅನುಮತಿ ಕೋರಿಕೆ’ ಎಂದಷ್ಟೇ ಬರೆದರೆ ಅದು ಅದೇ ಹೆಸರಿನ ಇತರ ಪತ್ರಗಳ ನಡುವೆ ಕಳೆದುಹೋಗುತ್ತದೆ. ‘ಆಕಾಶ ವೀಕ್ಷಣೆಗೆ ಅನುಮತಿ ಕೋರಿಕೆ: ಮಾರ್ಚ್ 25, ಬುಧವಾರ ಸಂಜೆ, ಆಟದ ಮೈದಾನ’ ಎಂದು ಬರೆಯಿರಿ. ದಿನಾಂಕದ ಜೊತೆಗೆ ವಾರವನ್ನೂ ತಪ್ಪದೆ ಸೇರಿಸಿ. ದಿನಾಂಕ ಬರೆಯುವಾಗ ಕೈತಪ್ಪಾಗಿದ್ದರೆ ಎರಡೂ ತಾಳೆಯಾಗದೆ ಓದುವವರಿಗೆ ಕೂಡಲೇ ತಿಳಿಯುತ್ತದೆ.

ಇನ್ನು ಪತ್ರದ ಒಡಲು. ಹೆಚ್ಚಿನವರು ಎಡವುವುದು ಇಲ್ಲಿಯೇ. ಪ್ರಾಂಶುಪಾಲರು ನಿಮ್ಮ ಇಮೇಲನ್ನು ಓದಿ ಒಪ್ಪಿದ ಮೇಲೆ ಅದನ್ನು ತಮ್ಮ ಬಳಿಯೇ ಇಟ್ಟುಕೊಳ್ಳುವುದಿಲ್ಲ. ‘ಪರಿಶೀಲಿಸಿ ಕ್ರಮ ಕೈಗೊಳ್ಳಿ’ ಎಂಬ ಒಂದು ಸಾಲು ಸೇರಿಸಿ ಕಚೇರಿ ಅಧೀಕ್ಷಕರಿಗೆ, ದೈಹಿಕ ಶಿಕ್ಷಣ ನಿರ್ದೇಶಕರಿಗೆ, ಭದ್ರತಾ ಸಿಬ್ಬಂದಿಯ ಮೇಲ್ವಿಚಾರಕರಿಗೆ ಮತ್ತು ವಿದ್ಯುತ್ ವಿಭಾಗಕ್ಕೆ ಮುಂದಕ್ಕೆ ಕಳುಹಿಸುತ್ತಾರೆ. ಹೀಗೆ ನಾಲ್ಕು ಕೈಗೆ ಹೋಗುವ ಪತ್ರದಲ್ಲಿ ಪ್ರತಿಯೊಬ್ಬರಿಗೂ ತಾವು ಮಾಡಬೇಕಾದ ಕೆಲಸ ಯಾವುದೆಂದು ಕಾಣಬೇಕು. ‘ಅಗತ್ಯ ಸೌಲಭ್ಯಗಳನ್ನು ಒದಗಿಸಿಕೊಡಬೇಕು’ ಎಂಬ ವಾಕ್ಯ ಇವರಲ್ಲಿ ಯಾರಿಗೂ ಏನನ್ನೂ ಹೇಳುವುದಿಲ್ಲ, ಆದ್ದರಿಂದ ಯಾರೂ ಏನನ್ನೂ ಮಾಡುವುದಿಲ್ಲ. ನಿಮಗೆ ಬೇಕಾದ ಒಂದೊಂದು ಅನುಮತಿಯನ್ನೂ ಬಿಡಿಬಿಡಿಯಾಗಿ, ಅಂಕಿ ಹಾಕಿ ಕೇಳಿರಿ.

ಅದೇ ಖಗೋಳ ಸಂಘ ಮರುವರ್ಷ ಬರೆದ ಪತ್ರದ ಒಡಲು ಹೀಗಿತ್ತು:

‘ಮಾನ್ಯರೇ,

ಮಾರ್ಚ್ 25, ಬುಧವಾರ ಸಂಜೆ 6.45ರಿಂದ 8.45ರವರೆಗೆ ಆಟದ ಮೈದಾನದಲ್ಲಿ ದೂರದರ್ಶಕದ ಮೂಲಕ ಚಂದ್ರ ವೀಕ್ಷಣೆ ನಡೆಸಲು ಖಗೋಳ ಸಂಘವು ತಮ್ಮ ಅನುಮತಿಯನ್ನು ಕೋರುತ್ತದೆ. ನಮ್ಮ ಕಾಲೇಜಿನ 120 ವಿದ್ಯಾರ್ಥಿಗಳು ಭಾಗವಹಿಸುತ್ತಾರೆ. ಎರಡು ದೂರದರ್ಶಕಗಳಿದ್ದು, ಒಬ್ಬರಿಗೆ ಎರಡು ನಿಮಿಷದಂತೆ ಎಲ್ಲರೂ ನೋಡಿ ಮುಗಿಸಲು ಎರಡು ಗಂಟೆ ಬೇಕಾಗುತ್ತದೆ. ಇದಕ್ಕಾಗಿ ಕೆಳಗಿನ ಅನುಮತಿಗಳು ಬೇಕಾಗಿವೆ:

1. ಸಿದ್ಧತೆ ಮತ್ತು ತೆರವು ಸೇರಿ ಸಂಜೆ 6ರಿಂದ 9.15ರವರೆಗೆ ಮೈದಾನದ ಬಳಕೆ.
2. ಸಂಜೆ 6.45ರಿಂದ 8.45ರವರೆಗೆ ಮೈದಾನದ ಪೂರ್ವ ಬದಿಯ ನಾಲ್ಕು ದೀಪಗಳನ್ನು ಮಾತ್ರ ಆರಿಸುವುದು. ದಾರಿಯ ದೀಪಗಳು ಉರಿಯುತ್ತಿರಲಿ.
3. ಮುಖ್ಯ ಗೇಟನ್ನು ಅಂದು ರಾತ್ರಿ 9.30ರವರೆಗೆ ತೆರೆದಿಡುವುದು.
4. ಹೊರಗಿನ ಒಬ್ಬ ಸಂಪನ್ಮೂಲ ವ್ಯಕ್ತಿಗೆ ಹಾಗೂ ಅವರ ಕಾರಿಗೆ ಪ್ರವೇಶ.

ಮೋಡವಿದ್ದಲ್ಲಿ ಇದೇ ವ್ಯವಸ್ಥೆಯೊಂದಿಗೆ ಮರುದಿನ, ಮಾರ್ಚ್ 26, ಗುರುವಾರ ನಡೆಸಲು ಅವಕಾಶ ಕೋರುತ್ತೇವೆ. ಕಾಲೇಜಿನಿಂದ ಹಣದ ನೆರವು ಬೇಕಾಗಿಲ್ಲ. ಮಾರ್ಗದರ್ಶಕ ಅಧ್ಯಾಪಕರು ಪೂರ್ತಿ ಸಮಯ ಸ್ಥಳದಲ್ಲಿರುತ್ತಾರೆ.’

ಈ ಪತ್ರದಲ್ಲಿ ಮೂರು ವಿಷಯಗಳನ್ನು ಗಮನಿಸಬೇಕು. ಮೊದಲನೆಯದು ಸಮಯದ ಲೆಕ್ಕ. ‘ಸುಮಾರು ಎರಡು ಗಂಟೆ’ ಎಂದಿದ್ದರೆ ಒಂದು ಗಂಟೆಯಲ್ಲಿ ಮುಗಿಸಿ ಎಂದು ಹೇಳುವುದು ಪ್ರಾಂಶುಪಾಲರಿಗೆ ಸುಲಭವಾಗುತ್ತದೆ. ಒಂದು ದೂರದರ್ಶಕಕ್ಕೆ ಅರವತ್ತು ಜನ, ತಲಾ ಎರಡು ನಿಮಿಷ ಎಂಬ ಲೆಕ್ಕ ಎದುರಿಗಿದ್ದಾಗ ಆ ಮಾತು ಬರುವುದಿಲ್ಲ. ಎರಡನೆಯದು ಬದಲಿ ದಿನಾಂಕ. ಅರ್ಧಚಂದ್ರನ ಆಸುಪಾಸಿನ ದಿನಗಳಲ್ಲಿ ಬೆಳಕು ಮತ್ತು ಕತ್ತಲೆ ಸೇರುವ ಗೆರೆಯ ಉದ್ದಕ್ಕೂ ಚಂದ್ರನ ಕುಳಿಗಳ ನೆರಳು ಉದ್ದವಾಗಿ ಬಿದ್ದು ಅವು ಸ್ಪಷ್ಟವಾಗಿ ಕಾಣುತ್ತವೆ, ಹುಣ್ಣಿಮೆಯಲ್ಲಿ ಹಾಗೆ ಕಾಣುವುದಿಲ್ಲ. ಹೀಗಾಗಿ ವಾರ ಬಿಟ್ಟು ಮಾಡಿ ಎಂದರೆ ಕಾರ್ಯಕ್ರಮವೇ ಕೆಡುತ್ತದೆ. ಒಂದೇ ಪತ್ರದಲ್ಲಿ ಎರಡೂ ದಿನಗಳನ್ನು ಕೇಳದಿದ್ದರೆ, ಮೋಡ ಕವಿದ ಸಂಜೆ ಆರು ಗಂಟೆಗೆ ಹೊಸ ಅನುಮತಿಗಾಗಿ ಓಡಾಡಬೇಕಾಗುತ್ತದೆ. ಮೂರನೆಯದು ಹಣದ ಮಾತು. ಬೇಡವಾಗಿದ್ದರೂ ಅದನ್ನು ಬರೆಯಲೇಬೇಕು. ಹಣದ ಪ್ರಸ್ತಾಪ ಇದೆಯೋ ಇಲ್ಲವೋ ಎಂಬ ಅನುಮಾನ ಬಂದರೆ ಪತ್ರ ಲೆಕ್ಕಪತ್ರ ವಿಭಾಗಕ್ಕೂ ಹೋಗಿ ಅಲ್ಲಿ ಕೆಲವು ದಿನ ಕೂರುತ್ತದೆ. ನಿಜವಾಗಿ ಹಣ ಬೇಕಿದ್ದರೆ ಅದನ್ನು ಪ್ರತ್ಯೇಕ ಇಮೇಲಿನಲ್ಲಿ ಕೇಳುವುದೇ ಸರಿ. ಎರಡನ್ನೂ ಬೆರೆಸಿದಾಗ ಜಾಗದ ಅನುಮತಿ ಹಣದ ಅನುಮತಿಗಾಗಿ ಕಾಯುತ್ತದೆ.

ಕೆಲವರು ಕೈಯಲ್ಲಿ ಪತ್ರ ಬರೆದು, ಮೊಬೈಲಿನಲ್ಲಿ ಫೋಟೊ ತೆಗೆದು, ಖಾಲಿ ಇಮೇಲಿಗೆ ಲಗತ್ತಿಸಿ ಕಳುಹಿಸುತ್ತಾರೆ. ಇದನ್ನು ಖಂಡಿತ ಮಾಡಬೇಡಿ. ಫೋಟೊದಲ್ಲಿರುವ ಸಾಲನ್ನು ನಕಲಿಸಿ ಇನ್ನೊಬ್ಬರಿಗೆ ಕಳುಹಿಸಲು ಸುಲಭವಾಗುವುದಿಲ್ಲ, ಹುಡುಕಿದರೆ ಸಿಗುವುದಿಲ್ಲ, ಮತ್ತು ಉಚಿತ ಸ್ಕ್ಯಾನ್ ಆ್ಯಪ್‌ಗಳು ಕೆಲವೊಮ್ಮೆ ಸಹಿಯ ಮೇಲೆಯೇ ತಮ್ಮ ಹೆಸರನ್ನು ಅಚ್ಚೊತ್ತುತ್ತವೆ. ಕಾಲೇಜು ಸಹಿ ಇರುವ ಪತ್ರವನ್ನೇ ಕೇಳುವುದಾದರೆ ಅದನ್ನು ಪಿಡಿಎಫ್ ಮಾಡಿ ಲಗತ್ತಿಸಿ, ಆದರೆ ಪೂರ್ತಿ ಒಕ್ಕಣೆ ಇಮೇಲಿನ ಒಡಲಿನಲ್ಲೂ ಇರಲಿ. ಸಿದ್ಧ ಮಾದರಿಗಳನ್ನು ನಾನು ಒಪ್ಪುವುದಿಲ್ಲ. ಹಿಂದಿನ ಸಂಘದ ಹೆಸರು ಹಾಗೆಯೇ ಉಳಿದ ಪತ್ರಗಳು ಪ್ರಾಂಶುಪಾಲರ ಮೇಜಿಗೆ ಹೋಗಿದ್ದನ್ನು ಕಂಡಿದ್ದೇನೆ. ಭಿತ್ತಿಚಿತ್ರವನ್ನು ಲಗತ್ತಿಸುವುದೂ ಬೇಡ. ಅನುಮತಿಗೆ ಮೊದಲೇ ಅದು ತಯಾರಾಗಿದೆ ಎಂದರೆ ದಿನಾಂಕವನ್ನು ನೀವೇ ನಿರ್ಧರಿಸಿಬಿಟ್ಟಿದ್ದೀರಿ ಎಂಬ ಭಾವನೆ ಬರುತ್ತದೆ.

ಕೊನೆಯಲ್ಲಿ ‘ವಂದನೆಗಳೊಂದಿಗೆ’ ಎಂದು ಬರೆದು ಕಾರ್ಯದರ್ಶಿಯ ಹೆಸರು, ತರಗತಿ, ಫೋನ್ ಸಂಖ್ಯೆ ಕೊಡಿ. ಎರಡು ಸಂಖ್ಯೆ ಕೊಡುವುದು ಬೇಡ, ಕರೆದರೆ ಎತ್ತುವವರ ಒಂದೇ ಸಂಖ್ಯೆ ಸಾಕು.

ಕಾರ್ಯಕ್ರಮಕ್ಕೆ ಕನಿಷ್ಠ ಹದಿನೈದು ದಿನ ಮುಂಚೆ ಕಳುಹಿಸಿ. ನಾಲ್ಕು ಕೆಲಸದ ದಿನ ಕಳೆದರೂ ಉತ್ತರ ಬಾರದಿದ್ದರೆ ಹೊಸ ಇಮೇಲ್ ಬರೆಯದೆ, ನೀವು ಕಳುಹಿಸಿದ ಇಮೇಲಿಗೇ ಉತ್ತರವಾಗಿ ಎರಡು ಸಾಲಿನ ಜ್ಞಾಪನೆ ಕಳುಹಿಸಿ. ಆಗ ಮೂಲ ಪತ್ರ ಅದರ ಕೆಳಗೆ ಇರುತ್ತದೆ. ಉತ್ತರ ಬಂದಾಗ ನೀವು ಕೇಳಿದ ಎಲ್ಲ ಅಂಕಿಗಳಿಗೂ ಅದು ಅನ್ವಯಿಸುತ್ತದೆಯೇ ಎಂದು ನೋಡಿ. ಬರಿಯ ‘ಅನುಮತಿಸಲಾಗಿದೆ’ ಎಂದಿದ್ದರೆ ‘1ರಿಂದ 4ರವರೆಗಿನ ಎಲ್ಲ ಕೋರಿಕೆಗಳಿಗೂ ಅನುಮತಿ ದೊರೆತಿದೆ ಎಂದು ತಿಳಿದು ಮುಂದುವರಿಯುತ್ತೇವೆ’ ಎಂದು ಮರು ಉತ್ತರಿಸಿ. ಆ ಪತ್ರವ್ಯವಹಾರದ ಮುದ್ರಿತ ಪ್ರತಿಯೊಂದನ್ನು ಕಾರ್ಯಕ್ರಮದ ದಿನ ಮಧ್ಯಾಹ್ನವೇ ಗೇಟಿನ ಕಾವಲುಗಾರರ ಕೈಗೆ ಕೊಡಿ. ಸಂಜೆಗೆ ಪಾಳಿ ಬದಲಾಗುವುದಿದ್ದರೆ ಮುಂದಿನ ಪಾಳಿಯವರಿಗೂ ಇನ್ನೊಂದು ಪ್ರತಿ ತಲುಪಿಸಿ.